ಕಪ್ಪು ಬೆಲ್ಲವೂ ಸುಳ್ಳು ಹೇಳುತ್ತದೆ

ಕಳೆದ ಸುಗ್ಗಿಯಲ್ಲಿ ಒಂದೇ ವಾರದೊಳಗೆ ನನ್ನ ಬೆಲ್ಲ ಎರಡು ಸಲ ತಿರಸ್ಕಾರವಾಯಿತು. ಬೆಲ್ಲ ಮನೆ ಬಿಟ್ಟು ಹೊರಗೇ ಹೋಗಿರಲಿಲ್ಲ. ಹೋಗಿದ್ದು ಅದರ ಫೋಟೋ ಮಾತ್ರ.

ಮೊದಲನೆಯವರು ಬೆಂಗಳೂರಿನ ಒಬ್ಬ ಅಂಗಡಿಯವರು. ಸಂಜೆ ಒಲೆ ಪಕ್ಕದಲ್ಲೇ ಅಚ್ಚು ಜೋಡಿಸಿ ಫೋಟೋ ತೆಗೆದು ಕಳಿಸಿದ್ದೆ. "ತುಂಬಾ ಕಪ್ಪಗಿದೆ ಗೌಡ್ರೇ, ನಮ್ಮ ಗಿರಾಕಿಗಳು ಮುಟ್ಟೋದಿಲ್ಲ. ಚಿನ್ನದ ಬಣ್ಣ ಇದ್ರೆ ಹೇಳಿ" ಎಂದರು. ಎರಡು ದಿನ ಕಳೆದು ಮೈಸೂರಿನ ಒಬ್ಬ ತಾಯಿ ಕೇಳಿದರು. ಈ ಸಲ ಬುದ್ಧಿ ಬಂದಿತ್ತಲ್ಲ, ಮಧ್ಯಾಹ್ನದ ಬಿಸಿಲಿಗೆ ಕಣದಲ್ಲಿಟ್ಟು ತೆಗೆದೆ. ಅವರಿಂದ ಬಂದ ಉತ್ತರ: "ಇಷ್ಟು ಬೆಳ್ಳಗಿದೆ ಅಂದ್ರೆ ಕೆಮಿಕಲ್ ಹಾಕಿದ್ದೀರಿ. ನಮಗೆ ಕಪ್ಪು ಬೆಲ್ಲವೇ ಬೇಕು."

ಎರಡೂ ಒಂದೇ ಕೊಪ್ಪರಿಗೆಯ ಬೆಲ್ಲ. ಒಂದೇ ದೋಣಿಗೆ ಸುರಿದು, ಒಂದೇ ಹಲಗೆಯಲ್ಲಿ ಅಚ್ಚು ಹೊಯ್ದದ್ದು. ನಡುವೆ ಬದಲಾದದ್ದು ಬೆಳಕು ಮಾತ್ರ.

ಆವತ್ತು ರಾತ್ರಿ ನಗು ಬಂತು, ಆಮೇಲೆ ಕೋಪ ಬಂತು. ಕೊನೆಗೆ ಯೋಚಿಸಿದರೆ ತಪ್ಪು ಕೊಳ್ಳುವವರದು ಮಾತ್ರ ಅಲ್ಲ ಅನ್ನಿಸಿತು. ಬೆಲ್ಲವನ್ನು ಬಣ್ಣ ನೋಡಿ ಅಳೆಯಲು ಕಲಿಸಿದವರು ನಾವೇ, ಅಂದರೆ ಬೆಳೆಗಾರರು, ಆಲೆಮನೆಯವರು, ಮಂಡಿಯವರು. ಮೊದಲು ಹಳದಿ ಇದ್ದರೆ ಒಳ್ಳೆಯದು ಎಂದು ಕಲಿಸಿದೆವು. ಈಗ ಕೆಲವರು ಅದನ್ನೇ ತಿರುಗಿಸಿ, ಕಪ್ಪಿದ್ದರೆ ಶುದ್ಧ ಎಂದು ಕಲಿಸುತ್ತಿದ್ದಾರೆ. ಎರಡೂ ತಪ್ಪು ಎಂಬುದೇ ಈ ಬರಹದ ವಾದ. ಬಾಯಿಮಾತಲ್ಲಿ ಹೇಳಿದರೆ ನೀವು ನಂಬಬೇಕಾಗಿಲ್ಲ, ಮಾಡಿ ನೋಡಿದ್ದನ್ನೇ ಹೇಳುತ್ತೇನೆ.

ಒಂದು ಹಿಡಿ ಬಿಳಿ ಪುಡಿ

ಮೊದಲು ನನ್ನ ತಪ್ಪು ಒಪ್ಪಿಕೊಳ್ಳಬೇಕು. ಪಾಂಡವಪುರದ ಕಡೆಯ ನಮ್ಮ ಆಲೆಮನೆಯಲ್ಲಿ ಹನ್ನೊಂದು ವರ್ಷ ನಾನೂ ಹೈಡ್ರೋಸ್ ಹಾಕಿದವನೇ. ಅಂಗಡಿಯಲ್ಲಿ ಅದಕ್ಕೆ ಇದ್ದ ಹೆಸರು 'ಬೆಲ್ಲದ ಪೌಡರ್'. ಅದರ ನಿಜವಾದ ಹೆಸರು ಸೋಡಿಯಂ ಹೈಡ್ರೋಸಲ್ಫೈಟ್. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳಲ್ಲಿ ಬಳಸುವ ಸಾಮಾನು ಎಂಬುದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಬೆಲ್ಲ ಮಾಡುವ ಕ್ರಮ ನಿಮಗೆಲ್ಲ ಗೊತ್ತಿದ್ದದ್ದೇ. ಕಬ್ಬಿನ ಹಾಲು ಹುಳಿ ಸ್ವಭಾವದ್ದು. ಅದನ್ನು ಮುರಿಯಲು ಒಂದಿಷ್ಟು ಸುಣ್ಣದ ತಿಳಿ ಹಾಕುತ್ತೇವೆ. ಕಾದಂತೆ ಮಡ್ಡಿ ಮೇಲೆದ್ದು ಬರುತ್ತದೆ, ಅದನ್ನು ತೆಗೆಯುತ್ತೇವೆ. ಮಡ್ಡಿ ಚೆನ್ನಾಗಿ ಕಟ್ಟಲಿ ಎಂದು ಬೆಂಡೆ ಕಾಂಡದ ಲೋಳೆ ಬಿಡುತ್ತೇವೆ. ಆಮೇಲೆ ಹದ ಬರುವ ತನಕ ಕುದಿಸುವುದು, ದೋಣಿಗೆ ಸುರಿದು ತಿರುವಿ ಅಚ್ಚು ಹೊಯ್ಯುವುದು. ಮಡ್ಡಿ ಸರಿಯಾಗಿ ತೆಗೆದರೆ ಬಣ್ಣ ಅದರಷ್ಟಕ್ಕೆ ತಿಳಿಯಾಗುತ್ತದೆ. ಆದರೆ ಅದಕ್ಕೆ ಉರಿ ತಗ್ಗಿಸಿ ಕಾಯಬೇಕು, ಆಳು ಬಗ್ಗಿ ನಿಂತು ಮಡ್ಡಿ ಬಾಚುತ್ತಿರಬೇಕು. ಹೈಡ್ರೋಸ್ ಇದ್ದರೆ ಈ ತಾಪತ್ರಯವಿಲ್ಲ. ಒಂದು ಹಿಡಿ ಎಸೆದು ತಿರುವಿದರೆ ಕಂದು ಪಾಕ ಕಣ್ಣೆದುರೇ ಹಳದಿಯಾಗುತ್ತದೆ.

ಹೀಗಾಗುವುದು ಹೇಗೆ? ಪಾಕದಲ್ಲಿ ಬಣ್ಣ ಕೊಡುವ ವಸ್ತುಗಳಿವೆ. ಹೈಡ್ರೋಸ್ ಅವುಗಳಿಂದ ಆಮ್ಲಜನಕ ಕಿತ್ತುಕೊಂಡು ಬಣ್ಣ ಕಾಣದಂತೆ ಮಾಡುತ್ತದೆ. ಆ ವಸ್ತುಗಳು ಬೆಲ್ಲದಿಂದ ಹೊರಗೆ ಹೋಗುವುದಿಲ್ಲ, ಒಳಗೇ ಕೂತಿರುತ್ತವೆ. ಇಲ್ಲಿ ನಡೆಯುವುದು ಕೊಳೆ ತೆಗೆಯುವ ಕೆಲಸವಲ್ಲ, ಕೊಳೆ ಮುಚ್ಚುವ ಕೆಲಸ. ಅಚ್ಚಿಗೆ ಗಾಳಿ, ತೇವ ತಾಗುತ್ತ ಹೋದಂತೆ ಬಣ್ಣ ಮತ್ತೆ ತಿರುಗುತ್ತದೆ. ಜೊತೆಗೆ ಬೆಲ್ಲದಲ್ಲಿ ಗಂಧಕದ ಅಂಶ ಉಳಿಯುತ್ತದೆ. ಉಬ್ಬಸ ಇರುವ ಕೆಲವರಿಗೆ ಈ ಗಂಧಕದ ಅಂಶವೇ ಉಸಿರು ಕಟ್ಟಿಸುತ್ತದೆ.

ಮಂಡಿಯಲ್ಲಿ ಮಾಲು ಒಂದೆರಡು ದಿನದಲ್ಲಿ ಕೈ ಬದಲಾಯಿಸುತ್ತದೆ. ಆಮೇಲೆ ಬಣ್ಣ ತಿರುಗಿದರೆ ಅದು ಬೇರೆಯವರ ಪಾಡು. ನಾವೆಲ್ಲ ಈ ಲೆಕ್ಕದಲ್ಲೇ ಇದ್ದೆವು.

ಹತ್ತು ವಾರದ ಪರೀಕ್ಷೆ

ಆ ಎರಡು ತಿರಸ್ಕಾರದ ಮೇಲೆ ಒಂದು ಪರೀಕ್ಷೆ ಮಾಡಿದೆ. ಒಂದೇ ಹೊಲದ ಕಬ್ಬು, ಒಂದೇ ಗಾಡಿಯ ಹೊರೆ. ತಳಿ ಕೋ 86032. ಅದೇ ದಿನ ಒಂದರ ಹಿಂದೆ ಒಂದು ಎರಡು ಕೊಪ್ಪರಿಗೆ ಇಳಿಸಿದೆವು. ಮೊದಲನೆಯದಕ್ಕೆ ಸುಣ್ಣ, ಬೆಂಡೆ ಲೋಳೆ ಮಾತ್ರ. ಎರಡನೆಯದಕ್ಕೆ ಅದರ ಜೊತೆಗೆ, ಹಿಂದೆ ಹಾಕುತ್ತಿದ್ದ ಹಾಗೇ, ಒಂದು ಹಿಡಿ ಹೈಡ್ರೋಸ್. ಎರಡನೆಯದರಲ್ಲಿ ಆರು ಅಚ್ಚು ಪರೀಕ್ಷೆಗೆ ಇಟ್ಟುಕೊಂಡು ಮಿಕ್ಕಿದ್ದನ್ನು ತಿಪ್ಪೆಗೆ ಹಾಕಿದೆ. ಮನೆಯವಳು ಬೈದಳು, ಅದು ಬೇರೆ ಮಾತು.

ಎರಡೂ ಗುಂಪಿನ ಅಚ್ಚುಗಳನ್ನು ಒಂದೇ ಕೋಣೆಯಲ್ಲಿ, ಒಂದೇ ತರದ ಕಾಗದ ಸುತ್ತಿ ಇಟ್ಟೆ. ಗುರುತಿಗೆ ಕಾಗದದ ಅಡಿಯಲ್ಲಿ ಗೀಟು ಹಾಕಿದ್ದೆ.

ಮೊದಲ ದಿನ ಹೈಡ್ರೋಸ್ ಅಚ್ಚು ಅರಿಶಿನದ ಕೊಂಬು ಮುರಿದ ಹಾಗಿತ್ತು. ಹಾಕದೇ ಇದ್ದದ್ದು ಹುರಿದ ಕಡಲೆಕಾಯಿ ಸಿಪ್ಪೆಯ ಬಣ್ಣ. ಮಂಡಿಗೆ ಒಯ್ದಿದ್ದರೆ ಯಾವುದಕ್ಕೆ ಜಾಸ್ತಿ ಕೂಗುತ್ತಿದ್ದರು ಎಂದು ಹೇಳಬೇಕಾಗಿಲ್ಲ. ಮೂರು ವಾರಕ್ಕೆ ಹೈಡ್ರೋಸಿನದರ ಅಂಚು ಕಂದಿತ್ತು, ಮೈಯ ಹೊಳಪು ಹೋಗಿತ್ತು. ಮಳೆ ಹಿಡಿದ ಮೇಲೆ ಹತ್ತನೆಯ ವಾರಕ್ಕೆ ಬಿಚ್ಚಿದರೆ ಅದು ಹಾಕದೇ ಇದ್ದದ್ದಕ್ಕಿಂತ ಕಪ್ಪಾಗಿತ್ತು. ಅಲ್ಲಲ್ಲಿ ಮಾಸಲು ತೇಪೆ, ಕಾಗದಕ್ಕೆ ಅಂಟುವಷ್ಟು ಜಿಗುಟು. ಹಾಕದ ಬೆಲ್ಲವೂ ಸ್ವಲ್ಪ ಕಂದಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದರ ಬಣ್ಣ ಎಲ್ಲ ಕಡೆ ಒಂದೇ ಸಮ ಇತ್ತು.

ಮುಂದಿನದೇ ಮುಖ್ಯ ಸಂಗತಿ. ಆ ಹತ್ತನೆಯ ವಾರದಲ್ಲಿ ಎರಡೂ ಬೆಲ್ಲವನ್ನು ಒಣಗಿದ ಭಾಗದಲ್ಲಿ ಒಡೆದು, ಬಿಳಿ ತಟ್ಟೆಯಲ್ಲಿ ಅಕ್ಕಪಕ್ಕ ಇಟ್ಟು ಫೋಟೋ ತೆಗೆದೆ. ಗುರುತಿನ ಹನ್ನೆರಡು ಜನಕ್ಕೆ ಕಳಿಸಿ "ಇದರಲ್ಲಿ ಕೆಮಿಕಲ್ ಇಲ್ಲದ್ದು ಯಾವುದು?" ಎಂದು ಕೇಳಿದೆ. ಅವರಲ್ಲಿ ರೈತರಿದ್ದರು, ಪೇಟೆಯವರಿದ್ದರು, ಇಬ್ಬರು ಬೆಲ್ಲದ ವ್ಯಾಪಾರಿಗಳೇ ಇದ್ದರು. ಹತ್ತು ಜನ ಹೈಡ್ರೋಸ್ ಹಾಕಿದ್ದನ್ನೇ ಬೊಟ್ಟು ಮಾಡಿದರು. "ಕಪ್ಪಗಿದೆಯಲ್ಲ, ಅದೇ ಸಾವಯವ" ಎಂದರು. ಒಬ್ಬರು ಗೊತ್ತಿಲ್ಲ ಎಂದರು. ಸರಿಯಾಗಿ ಹೇಳಿದ್ದು ಒಬ್ಬರೇ. ಅವರೂ ಹೇಳಿದ್ದು ಬಣ್ಣ ನೋಡಿ ಅಲ್ಲ, "ಆ ಕಪ್ಪಿನದು ಒಂದೊಂದು ಕಡೆ ಒಂದೊಂದು ತರ ಇದೆ, ಏನೋ ಸರಿ ಇಲ್ಲ" ಅಂತ.

ಒಂದೇ ಒಂದು ಪರೀಕ್ಷೆ, ಹನ್ನೆರಡೇ ಜನ. ಇದನ್ನು ಶಾಸ್ತ್ರ ಎನ್ನುವುದಿಲ್ಲ. ನಿಮ್ಮ ಆಲೆಮನೆಯಲ್ಲೂ ಮಾಡಿ ನೋಡಬಹುದು. ಆದರೆ ನನಗೆ ಒಂದಂತೂ ಖಾತ್ರಿಯಾಯಿತು: ಹಳತಾದ ಹೈಡ್ರೋಸ್ ಬೆಲ್ಲ 'ಕಪ್ಪು ಶುದ್ಧ ಬೆಲ್ಲ'ದ ವೇಷದಲ್ಲಿ ಸಲೀಸಾಗಿ ಹೋಗಬಲ್ಲದು.

ಕಪ್ಪಿಗೆ ಬೇರೆ ಕಾರಣಗಳೂ ಇವೆ. ಉಪ್ಪಿನ ಅಂಶದ ನೆಲದ ಕಬ್ಬು, ಕಡಿದು ಮೂರು ನಾಲ್ಕು ದಿನ ಬಿದ್ದಿದ್ದ ಕಬ್ಬು, ಜಾಸ್ತಿಯಾದ ಸುಣ್ಣ, ಹದ ಮೀರಿ ತಳ ಹಿಡಿದ ಪಾಕ, ತೆಗೆಯದೆ ಬಿಟ್ಟ ಮಡ್ಡಿ. ಇವೆಲ್ಲ ಕೆಲಸದ ಕೊರತೆಗಳು, ಶುದ್ಧತೆಯ ಲಕ್ಷಣ ಅಲ್ಲ. ಅದೇ ರೀತಿ ಒಳ್ಳೆ ನೆಲದ, ಬಲಿತ, ಅದೇ ದಿನ ಕಡಿದು ಅರೆದ ಕಬ್ಬು ಯಾವ ಪುಡಿಯೂ ಇಲ್ಲದೆ ತಿಳಿ ಬಣ್ಣದ ಬೆಲ್ಲ ಕೊಡುತ್ತದೆ. ತಿಳಿ ಬಣ್ಣ ಕಂಡ ಕೂಡಲೇ ಕಳ್ಳ ಎನ್ನುವುದೂ ಅನ್ಯಾಯ.

ಫೋಟೋದಲ್ಲಿ ಏನು ನೋಡಬೇಕು

ಈಗ ನಮ್ಮಲ್ಲಿ ಎಷ್ಟೋ ಜನ ವಾಟ್ಸಪ್ಪಿನಲ್ಲೇ ಬೆಲ್ಲ ಮಾರುತ್ತೇವೆ. ಬೆಲ್ಲ ಮಾಡದವರು ಕೊಳ್ಳುವುದೂ ಹಾಗೇ. ಫೋಟೋ ಬೇಡ ಎಂದರೆ ವ್ಯಾಪಾರ ನಡೆಯುವುದಿಲ್ಲ. ಹಾಗಾಗಿ ಅದನ್ನು ಓದುವುದು ಕಲಿಯಬೇಕು.

ನಾನು ಮೊದಲು ನೋಡುವುದು ಬೆಲ್ಲವನ್ನಲ್ಲ, ಬೆಲ್ಲದ ಪಕ್ಕದಲ್ಲಿ ಇರುವುದನ್ನು. ಬಿಳಿ ಬಟ್ಟೆ, ಕಾಗದ, ಅಕ್ಕಿ, ಏನಾದರೂ ಬಿಳಿಯದು ಇದೆಯೇ? ಆ ಬಿಳಿ ಬಿಳಿಯಾಗಿಯೇ ಕಂಡರೆ ಬೆಲ್ಲದ ಬಣ್ಣವನ್ನೂ ಸುಮಾರಾಗಿ ನಂಬಬಹುದು. ಬಿಳಿಯೇ ಹಳದಿಗೆ ತಿರುಗಿದ್ದರೆ ಅದು ಬಲ್ಬಿನ ಬೆಳಕು ಅಥವಾ ಸಂಜೆ ಬಿಸಿಲು, ಬೆಲ್ಲವೂ ಅಷ್ಟೇ ಹಳದಿ ಸಾಲ ತಂದಿದೆ. ನನ್ನ ಒಲೆ ಪಕ್ಕದ ಫೋಟೋದಲ್ಲಿ ಬಿಳಿಯದು ಏನೂ ಇರಲಿಲ್ಲ. ಅಂಗಡಿಯವರಿಗೆ ಅಳತೆಗೋಲೇ ಕೊಟ್ಟಿರಲಿಲ್ಲ.

ಎರಡನೆಯದು, ಒಡೆದ ಮೈ ಕಾಣುತ್ತದೆಯೇ ಎಂದು. ಹೊರಮೈಗೆ ಅಚ್ಚಿನ ನೀರು, ಗಾಳಿ ತಾಗಿರುತ್ತದೆ. ಒಳಮೈ ಹೇಳುವುದೇ ಬೇರೆ. ಹೊರಗೆ ಕಂದಿ ಒಳಗೆ ಕಣ್ಣು ಕುಕ್ಕುವ ಹಳದಿ ಇದ್ದರೆ ನಾನು ಅನುಮಾನಪಡುತ್ತೇನೆ. ಗಾಳಿ ತಾಗಿದಲ್ಲಿ ಮಾತ್ರ ಬಣ್ಣ ವಾಪಸು ಬಂದಿರಬಹುದು. ಇದು ಅನುಮಾನ ಅಷ್ಟೇ, ತೀರ್ಪಲ್ಲ.

ಮೂರನೆಯದು, ಬೇರೆ ಬೇರೆ ದಿನದ ಫೋಟೋ. ಆಲೆಮನೆಯ ಬೆಲ್ಲ ಒಂದು ಕೊಪ್ಪರಿಗೆಯಿಂದ ಇನ್ನೊಂದಕ್ಕೆ ಸ್ವಲ್ಪವಾದರೂ ವ್ಯತ್ಯಾಸ ಆಗೇ ಆಗುತ್ತದೆ. ಜನವರಿಯ ಬೆಲ್ಲ, ಮೇ ತಿಂಗಳ ಬೆಲ್ಲ ಎರಡೂ ಅಚ್ಚೊತ್ತಿದ ಹಾಗೆ ಒಂದೇ ಹೊಂಬಣ್ಣ ಇದ್ದರೆ ಎರಡೇ ದಾರಿ. ಒಂದೋ ಹಳೇ ಫೋಟೋವನ್ನೇ ಕಳಿಸುತ್ತಿದ್ದಾರೆ, ಇಲ್ಲವೇ ಬಣ್ಣವನ್ನು ಪುಡಿಯಿಂದ ಸರಿಮಾಡುತ್ತಿದ್ದಾರೆ. ಪೊಟ್ಟಣದ ಮೇಲೆ ಅಚ್ಚಾದ ಚಿತ್ರಕ್ಕಂತೂ ಒಳಗಿನ ಬೆಲ್ಲಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಕಬ್ಬು, ಗಾಣ, ಮಣ್ಣಿನ ಮಡಕೆ, ಎತ್ತು ಎಲ್ಲ ಇರುವ ಚಿತ್ರ ಒಂದೇ, ಅದನ್ನು ಹಾಕಿಕೊಂಡ ಹೆಸರುಗಳು ಹಲವು. ನಾನೇ ಕಂಡಿದ್ದೇನೆ.

ಮಾರುವವರಿಗೆ ನನ್ನ ಸಲಹೆ ಸುಲಭದ್ದು. ಬೆಳಿಗ್ಗೆ ಹತ್ತರ ಸುಮಾರಿಗೆ, ನೆರಳಿನಲ್ಲಿ, ಬಿಳಿ ಕಾಗದದ ಮೇಲೆ ಒಂದು ಇಡೀ ಅಚ್ಚು, ಒಂದು ಒಡೆದ ಅಚ್ಚು ಇಡಿ. ಕಾಗದದ ಮೇಲೆ ಬೆಲ್ಲ ಮಾಡಿದ ತಾರೀಖು ಬರೆಯಿರಿ. ಫೋಟೋಗೆ ಬಣ್ಣ ತಿದ್ದಬೇಡಿ. ನಾನೀಗ ಹೊಸ ಬೆಲ್ಲದ ಜೊತೆ ಎರಡು ತಿಂಗಳ ಹಿಂದಿನ ಅಚ್ಚನ್ನೂ ಒಂದೇ ಕಾಗದದ ಮೇಲೆ ಇಟ್ಟು ಕಳಿಸುತ್ತೇನೆ. ಕಾಲ ಕಳೆದ ಮೇಲೆ ನನ್ನ ಬೆಲ್ಲ ಹೇಗಾಗುತ್ತದೆ ಎಂಬುದೇ ನಾನು ಕೊಡಬಹುದಾದ ದೊಡ್ಡ ಸಾಕ್ಷಿ.

ದಪ್ಪ ಅಕ್ಷರ, ಸಣ್ಣ ಅಕ್ಷರ

ಇನ್ನು ಲೇಬಲ್ಲು. ಇಲ್ಲೂ ನನ್ನದೇ ಕತೆಯಿಂದ ಶುರು ಮಾಡುತ್ತೇನೆ. ಹೈಡ್ರೋಸ್ ಬಿಟ್ಟ ಮೊದಲ ವರ್ಷ ಉತ್ಸಾಹದಲ್ಲಿ ಪೊಟ್ಟಣದ ಮೇಲೆ 'ಶುದ್ಧ, ನೈಸರ್ಗಿಕ, 100% ರಾಸಾಯನಿಕ ಮುಕ್ತ' ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೆ. ನಿವೃತ್ತ ಮೇಷ್ಟ್ರೊಬ್ಬರು ಕೊಳ್ಳಲು ಬಂದವರು ಓದಿ ಕೇಳಿದರು: "ಸುಣ್ಣ ಹಾಕೋದಿಲ್ವೇನಪ್ಪಾ?" ಹಾಕ್ತೀನಿ ಸಾರ್ ಎಂದೆ. "ಮತ್ತೆ ಸುಣ್ಣ ರಾಸಾಯನಿಕ ಅಲ್ವಾ?" ಬಾಯಿ ಬರಲಿಲ್ಲ. ಸುಣ್ಣ ಹಾಕುವುದರಲ್ಲಿ ತಪ್ಪಿಲ್ಲ, ಅದು ಹಿಂದಿನಿಂದ ಬಂದ ಕ್ರಮ. ತಪ್ಪಿದ್ದದ್ದು ನನ್ನ ಲೇಬಲ್ಲಿನಲ್ಲಿ.

ದಪ್ಪ ಅಕ್ಷರದ ಮಾತುಗಳಿಗೂ ಕಾನೂನಿದೆ ಎಂಬುದು ಆಮೇಲೆ ತಿಳಿಯಿತು. ಆಹಾರದ ಜಾಹೀರಾತಿನ ಬಗ್ಗೆ ಎಫ್‌ಎಸ್‌ಎಸ್‌ಎಐ 2018ರಲ್ಲಿ ಮಾಡಿದ ನಿಯಮದ ಪ್ರಕಾರ 'ಶುದ್ಧ', 'ನೈಸರ್ಗಿಕ', 'ಸಾಂಪ್ರದಾಯಿಕ', 'ಅಸಲಿ' ಇಂಥ ಪದಗಳನ್ನು ಮನಬಂದಂತೆ ಬಳಸುವ ಹಾಗಿಲ್ಲ. ಅಂಥ ಪದ ಕಂಪನಿಯ ಹೆಸರಿನಲ್ಲೇ ಸೇರಿಕೊಂಡು ಗಿರಾಕಿ ತಪ್ಪು ತಿಳಿಯುವಂತಿದ್ದರೆ, ಇದು ಬರೀ ಹೆಸರು, ಮಾಲಿನ ಗುಣವನ್ನು ಹೇಳುವುದಿಲ್ಲ ಎಂಬ ಅರ್ಥದ ಸಾಲೊಂದನ್ನು ಪೊಟ್ಟಣದ ಮೇಲೆ ಹಾಕಬೇಕು. ಆ ಸಾಲು ಸಣ್ಣದಾಗಿ ಮೂಲೆಯಲ್ಲೆಲ್ಲೋ ಇರುತ್ತದೆ. ಹುಡುಕಿ ಓದಿ. ಮುಂದೆ 'ಶುದ್ಧ' ಎಂದು ಬರೆದು ಹಿಂದೆ ಅದನ್ನೇ ವಾಪಸು ತೆಗೆದುಕೊಂಡ ಪೊಟ್ಟಣ ನನ್ನ ಮನೆಯಲ್ಲೇ ಇದೆ.

'ಸಾವಯವ' ಎಂಬ ಪದ ಇನ್ನೂ ಬಿಗಿಯಾದದ್ದು. 2017ರ ನಿಯಮದಂತೆ ಅಂಗಡಿಯಲ್ಲಿ ಮಾರುವ ಪೊಟ್ಟಣದ ಮೇಲೆ ಅದನ್ನು ಬರೆಯಬೇಕಾದರೆ ಎನ್‌ಪಿಒಪಿ ಅಥವಾ ಪಿಜಿಎಸ್ ಪ್ರಮಾಣಪತ್ರ ಇರಬೇಕು, ಜೈವಿಕ್ ಭಾರತ್ ಗುರುತು ಇರಬೇಕು. ಸಣ್ಣ ರೈತ ನೇರವಾಗಿ ಗಿರಾಕಿಗೆ ಮಾರಿದರೆ ವಿನಾಯಿತಿ ಇದೆ. ಇಲ್ಲಿ ಒಂದು ಸೂಕ್ಷ್ಮ ನೋಡಿ. 'ಸಾವಯವ ಬೆಲ್ಲ' ಬೇರೆ, 'ಸಾವಯವ ಕಬ್ಬಿನಿಂದ ಮಾಡಿದ ಬೆಲ್ಲ' ಬೇರೆ. ಎರಡನೆಯದು ಹೊಲದ ಮಾತು. ಆಲೆಮನೆಯಲ್ಲಿ ಏನು ಹಾಕಿದರು ಎಂದು ಅದು ಹೇಳುವುದಿಲ್ಲ.

ಹೈಡ್ರೋಸ್ ಹಾಕಿದವರು ಅದನ್ನು ಲೇಬಲ್ಲಿನಲ್ಲಿ ಬರೆಯುತ್ತಾರೆಯೇ? ಇಲ್ಲ. ಆದರೆ ಒಂದು ಸಾಲು ಮಾತ್ರ ನೋಡಲೇಬೇಕು. 2020ರ ಲೇಬಲ್ ನಿಯಮದಲ್ಲಿ, ಒಂದು ಕಿಲೋ ಆಹಾರದಲ್ಲಿ 10 ಮಿಲಿಗ್ರಾಂ ಅಥವಾ ಹೆಚ್ಚು ಸಲ್ಫೈಟ್ ಇದ್ದರೆ ಅಲರ್ಜಿಯ ಎಚ್ಚರಿಕೆಯಾಗಿ 'ಸಲ್ಫೈಟ್ ಇದೆ' ಎಂದು ಹೇಳಬೇಕೆಂದಿದೆ. ಕೆಲವು ಪೊಟ್ಟಣದಲ್ಲಿ ಹೆಸರಿನ ಬದಲು ನಂಬರು ಇರುತ್ತದೆ: 220ರಿಂದ 228ರ ಒಳಗಿನ ಐಎನ್‌ಎಸ್ ನಂಬರುಗಳು ಈ ಗಂಧಕದ ಗುಂಪಿನವು. 102, 110 ಎಂದಿದ್ದರೆ ಹಳದಿ ಬಣ್ಣಗಳು. 150 ಎಂದಿದ್ದರೆ ಸುಟ್ಟ ಸಕ್ಕರೆಯ ಕಂದು ಬಣ್ಣ. ಬೆಲ್ಲ ಎಂದು ಹೇಳಿಕೊಳ್ಳುವ ಪೊಟ್ಟಣದ ಮೇಲೆ ಬಣ್ಣದ ನಂಬರು ಕಂಡರೆ ಕೆಳಗಿಟ್ಟು ಬನ್ನಿ.

ಆ ಸಾಲು ಇಲ್ಲದಿದ್ದರೆ ಸಲ್ಫೈಟ್ ಇಲ್ಲ ಎಂದು ಅರ್ಥವೇ? ಅಲ್ಲ. ಪ್ರಯೋಗಾಲಯಕ್ಕೆ ಕಳಿಸದೆ ಅದು ಗೊತ್ತಾಗುವುದಿಲ್ಲ. ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರೂ ಅಷ್ಟೇ. ಅದು ಮಾಲು ಶುದ್ಧ ಎಂಬ ಪ್ರಮಾಣಪತ್ರ ಅಲ್ಲ, ಮಾಡುವವರ ವಿಳಾಸ ಸರಕಾರಕ್ಕೆ ಗೊತ್ತಿದೆ ಎಂದಷ್ಟೇ. ಆದರೂ ಅದು ಉಪಯೋಗಕ್ಕೆ ಬರುತ್ತದೆ. ಮೊದಲ ಅಂಕಿ 1 ಇದ್ದರೆ ಲೈಸೆನ್ಸು, 2 ಇದ್ದರೆ ಸಣ್ಣವರ ನೋಂದಣಿ. ನಂತರದ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 12. 'ಮಂಡ್ಯದ ಬೆಲ್ಲ' ಎಂದು ದೊಡ್ಡದಾಗಿ ಬರೆದ ಪೊಟ್ಟಣದಲ್ಲಿ ಬೇರೆ ರಾಜ್ಯದ ಅಂಕಿ ಒಂದೇ ಇದ್ದು, ಜೊತೆಗೆ 'ಪ್ಯಾಕ್ ಮಾಡಿದವರು' ಎಂದು ಮಾತ್ರ ಇದ್ದರೆ, ಆ ಬೆಲ್ಲ ಬೇಯಿಸಿದ್ದು ಯಾರು, ಎಲ್ಲಿ ಎಂದು ಕೇಳುವ ಹಕ್ಕು ನಿಮಗಿದೆ. ತಾರೀಖೂ ಹಾಗೇ. ಪ್ಯಾಕ್ ಮಾಡಿದ ದಿನ ಬೇರೆ, ಪಾಕ ಇಳಿಸಿದ ದಿನ ಬೇರೆ. ನಡುವೆ ಗೋದಾಮಿನಲ್ಲಿ ಕಳೆದ ತಿಂಗಳುಗಳನ್ನು ಯಾರೂ ಬರೆಯುವುದಿಲ್ಲ.

383 ಮತ್ತು 398

ಪೊಟ್ಟಣದ ಹಿಂದೆ ಪೋಷಕಾಂಶದ ಪಟ್ಟಿ ಇರುತ್ತದಲ್ಲ, ಅದನ್ನು ನಾನು ಮೊದಲು ಓದುತ್ತಲೇ ಇರಲಿಲ್ಲ. ಈಗ ಮೊದಲು ಓದುವುದೇ ಅದನ್ನು.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಹಳೆಯ ಪುಸ್ತಕದಲ್ಲಿ ಕಬ್ಬಿನ ಬೆಲ್ಲಕ್ಕೆ ನೂರು ಗ್ರಾಮಿಗೆ 383 ಕಿಲೋ ಕ್ಯಾಲೊರಿ, 95 ಗ್ರಾಂ ಶರ್ಕರಪಿಷ್ಟ ಎಂದಿದೆ. ಸಕ್ಕರೆಗೆ 398 ಮತ್ತು 99.4. ಈ ವ್ಯತ್ಯಾಸಕ್ಕೆ ಕಾರಣ ಸರಳ. ಬೆಲ್ಲದಲ್ಲಿ ನಾಲ್ಕಾರು ಪಾಲು ನೀರಿನ ಪಸೆ, ಖನಿಜ, ಬೇರೆ ಅಂಶ ಇರುತ್ತವೆ. ಸಕ್ಕರೆಯಲ್ಲಿ ಅವೆಲ್ಲ ಹೋಗಿರುತ್ತವೆ.

ಇನ್ನು ಪೊಟ್ಟಣ ನೋಡಿ. 383 ಮತ್ತು 95 ಎಂದು ಇದ್ದದ್ದು ಇದ್ದ ಹಾಗೇ ಇದ್ದರೆ ಅದು ಬಹುಮಟ್ಟಿಗೆ ಪುಸ್ತಕದಿಂದ ಎತ್ತಿಕೊಂಡದ್ದು. ಅಪರಾಧವೇನಲ್ಲ, ನಾನೂ ಮೊದಲು ಹಾಗೇ ಮಾಡಿದ್ದೆ. ಆದರೆ 'ಪರೀಕ್ಷೆ ಮಾಡಿಸಿದ ಬೆಲ್ಲ' ಎಂದು ಹೇಳುವವರು ಆ ಅಂಕಿಯನ್ನೇ ತೋರಿಸಿದರೆ ವರದಿ ಕೇಳಿ. ಬೆಲ್ಲದ ಪುಡಿ ಎಂದು ಬರೆದು ಪಟ್ಟಿಯಲ್ಲಿ 398 ಅಥವಾ ಶರ್ಕರ 99ಕ್ಕೆ ಮೇಲೆ ಇದ್ದರೆ ಮಾತ್ರ ಗಂಭೀರವಾಗಿ ತೆಗೆದುಕೊಳ್ಳಬೇಕು. ಒಂದೋ ಅಚ್ಚು ಹಾಕಿಸುವಾಗ ಸಕ್ಕರೆಯ ಸಾಲು ನೋಡಿ ಬರೆದಿದ್ದಾರೆ, ಇಲ್ಲವೇ ಒಳಗಿರುವುದೇ ಹೆಚ್ಚುಕಡಿಮೆ ಸಕ್ಕರೆ.

ಬ್ರೌನ್ ಶುಗರ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿರುವ ನನ್ನ ತಂಗಿ ಬಹಳ ದಿನ ಅದನ್ನು 'ಬೆಲ್ಲದ ಪುಡಿ' ಎಂದೇ ತಿಳಿದಿದ್ದಳು. ಪದಾರ್ಥಗಳ ಸಾಲು ಓದಿದರೆ ಗೊತ್ತಾಗುತ್ತದೆ. 'ಸಕ್ಕರೆ, ಕಾಕಂಬಿ' ಎಂದಿದ್ದರೆ ಬಿಳಿ ಸಕ್ಕರೆಗೆ ಕಾಕಂಬಿ ಲೇಪಿಸಿದ್ದು. 'ಸಕ್ಕರೆ, ಬಣ್ಣ 150' ಎಂದಿದ್ದರೆ ಲೇಪಿಸಿದ್ದು ಬರೀ ಬಣ್ಣ. ಎರಡೂ ಬೆಲ್ಲವಲ್ಲ. ಬೆಲ್ಲ ಎಂದರೆ ಕಬ್ಬಿನ ಹಾಲನ್ನು ಹರಳು, ಕಾಕಂಬಿ ಎಂದು ಬೇರ್ಪಡಿಸದೆ ಇಡಿಯಾಗಿ ಇಂಗಿಸಿದ್ದು. ಕೆಲವರು ಹರಳನ್ನು ನೀರಲ್ಲಿ ತೊಳೆದು, ಒಳಗೆ ಬಿಳಿ ಕಂಡರೆ ಮೋಸ ಎನ್ನುತ್ತಾರೆ. ಆ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ. ಶುದ್ಧೀಕರಿಸದ ಕಚ್ಚಾ ಸಕ್ಕರೆಯಲ್ಲೂ ಬಣ್ಣದ ಬಹುಪಾಲು ಹರಳಿನ ಮೇಲಿನ ಪೊರೆಯಲ್ಲೇ ಇರುತ್ತದೆ, ತೊಳೆದರೆ ಅದೂ ಬೆಳ್ಳಗಾಗುತ್ತದೆ.

ಯಾವ ಲೇಬಲ್ಲೂ ಹೇಳದ ಮೋಸ

ಒಂದು ವಿಷಯದಲ್ಲಿ ಫೋಟೋ, ಲೇಬಲ್ಲು, ಮನೆ ಪರೀಕ್ಷೆ ಮೂರೂ ಕೈಕೊಡುತ್ತವೆ. ಅದು ಬೆಲ್ಲಕ್ಕೆ ಸಕ್ಕರೆ ಬೆರೆಸುವುದು. ಸಕ್ಕರೆ ಅಗ್ಗವಾಗಿ ಸಿಕ್ಕಿದಾಗ ಮೂಟೆಗಟ್ಟಲೆ ತಂದು ಕಬ್ಬಿನ ಹಾಲಿಗೆ ಕರಗಿಸುತ್ತಾರೆ. ಬೆಲ್ಲ ಗಟ್ಟಿ ಬರುತ್ತದೆ, ಬಣ್ಣ ತಿಳಿಯಾಗುತ್ತದೆ, ತೂಕ ಏರುತ್ತದೆ. ನಮ್ಮ ಮಂಡ್ಯ ಕಡೆ ಈ ದೂರು ಹಲವು ವರ್ಷಗಳಿಂದ ಇದೆ.

ಬಣ್ಣದ ಪುಡಿಯನ್ನು, ಸುಣ್ಣದ ಕಲ್ಲಿನ ಪುಡಿಯನ್ನು ನೀರಲ್ಲಿ ಕರಗಿಸಿ, ಆಮ್ಲದ ಹನಿ ಹಾಕಿ ಸ್ವಲ್ಪಮಟ್ಟಿಗೆ ಗುರುತಿಸಬಹುದು. ಸಕ್ಕರೆಯನ್ನು ಹೇಗೆ ಗುರುತಿಸುವುದು? ಬೆಲ್ಲದೊಳಗಿನ ಸಕ್ಕರೆಯೂ ಕಬ್ಬಿನದೇ, ಬೆರೆಸಿದ್ದೂ ಕಬ್ಬಿನದೇ. ಬೆಲ್ಲದ ಗುಣಮಟ್ಟದ ನಿಯಮ ಸಕ್ಕರೆಯ ಅಂಶ ಕನಿಷ್ಠ ಇಷ್ಟಿರಬೇಕು, ಬೂದಿ ಗರಿಷ್ಠ ಇಷ್ಟಿರಬಹುದು ಎನ್ನುತ್ತದೆ. ಸಕ್ಕರೆ ಬೆರೆಸಿದರೆ ಸಕ್ಕರೆಯ ಅಂಶ ಏರುತ್ತದೆ, ಬೂದಿ ಇಳಿಯುತ್ತದೆ. ಆ ಎರಡು ಲೆಕ್ಕದಲ್ಲಿ ಕಲಬೆರಕೆಯ ಬೆಲ್ಲಕ್ಕೇ ಒಳ್ಳೆಯ ಮಾರ್ಕು! ಒಡೆದ ಮೈಯಲ್ಲಿ ಮಿಣಿಮಿಣಿ ಹರಳು ಜಾಸ್ತಿ ಕಂಡರೆ ಅನುಮಾನಪಡಬಹುದು ಎನ್ನುತ್ತಾರೆ. ಆದರೆ ಹದವಾಗಿ ಇಳಿದ ಒಳ್ಳೆ ಬೆಲ್ಲಕ್ಕೂ ರವೆಯ ಕಣ ಇರುತ್ತದೆ. ಇಲ್ಲಿ ಉಳಿಯುವ ದಾರಿ ಒಂದೇ: ಆಲೆಮನೆಗೆ ಹೋಗಿ ನೋಡುವುದು. ಬರುವೆ ಎಂದರೆ ಬಾ ಎನ್ನುವವರ ಬೆಲ್ಲ ಕೊಳ್ಳಿ. ಬಂದವರು ಎಷ್ಟು ಟನ್ ಕಬ್ಬಿಗೆ ಎಷ್ಟು ಬೆಲ್ಲ ಬಂತು ಎಂದು ಕೇಳಿದರೆ ಸಾಕು. ಒಂದು ಟನ್ ಕಬ್ಬಿಗೆ ಸುಮಾರು ಒಂದು ಕ್ವಿಂಟಾಲ್ ಬರುವುದು ವಾಡಿಕೆ. ಅದಕ್ಕಿಂತ ಬಹಳ ಜಾಸ್ತಿ ಹೇಳುವವರು ಒಂದೋ ಸುಳ್ಳು ಹೇಳುತ್ತಿದ್ದಾರೆ, ಅಥವಾ ಬಾಯ್ತಪ್ಪಿ ನಿಜ ಹೇಳುತ್ತಿದ್ದಾರೆ.

ನನ್ನ ಈಗಿನ ಲೇಬಲ್ಲು

ಮೇಷ್ಟ್ರ ಮಾತಿನ ಮೇಲೆ ದಪ್ಪ ಅಕ್ಷರಗಳನ್ನೆಲ್ಲ ತೆಗೆಸಿದೆ. ಈಗ ನಿಯಮದಂತೆ ಇರಬೇಕಾದ ತೂಕ, ಬೆಲೆ, ವಿಳಾಸ, ನಂಬರಿನ ಜೊತೆಗೆ ನಾಲ್ಕು ಸಾಲು ಮಾತ್ರ ಹಾಕುತ್ತೇನೆ:

'ಕಬ್ಬು: ನಮ್ಮದೇ ಹೊಲದ್ದು, ಕೋ 86032. ಹಾಲು ತಿಳಿಮಾಡಲು ಹಾಕಿದ್ದು: ಸುಣ್ಣದ ತಿಳಿ, ಬೆಂಡೆ ಕಾಂಡದ ಲೋಳೆ. ಪಾಕ ಇಳಿಸಿದ ದಿನ: (ಕೈಯಲ್ಲಿ ಬರೆದದ್ದು). ಬಣ್ಣ ಕೊಪ್ಪರಿಗೆಯಿಂದ ಕೊಪ್ಪರಿಗೆಗೆ ಬದಲಾಗುತ್ತದೆ, ದಿನ ಕಳೆದಂತೆ ಸ್ವಲ್ಪ ಕಂದುತ್ತದೆ.'

ಕೊನೆಯ ಸಾಲಿನಿಂದ ವ್ಯಾಪಾರ ಬಿದ್ದು ಹೋಗುತ್ತದೆ ಎಂದು ಮಗ ಹೆದರಿದ್ದ. "ನಮ್ ಮಾಲಿನ ಐಬು ನಾವೇ ಹೇಳ್ಕೋಬೇಕಾ ಅಪ್ಪಾ?" ಎಂದ. ಕೆಲವು ಗಿರಾಕಿಗಳು ಹೋದದ್ದು ನಿಜ. ಬೆಂಗಳೂರಿನ ಆ ಅಂಗಡಿಯವರು ಇವತ್ತಿಗೂ ಚಿನ್ನದ ಬಣ್ಣ ಕೇಳುತ್ತಲೇ ಇದ್ದಾರೆ. ಆ ಲಾಟನ್ನು ಮಂಡಿಯಲ್ಲಿ ಕಿಲೋಗೆ ಎಂಟು ರೂಪಾಯಿ ಕಡಿಮೆಗೆ ಬಿಡಬೇಕಾಯಿತು, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ಮೈಸೂರಿನ ಆ ತಾಯಿಗೆ ಎರಡು ತಿಂಗಳ ಅಂತರದ ಎರಡು ಅಚ್ಚಿನ ಫೋಟೋ ಒಂದೇ ಕಾಗದದ ಮೇಲಿಟ್ಟು ಕಳಿಸಿದೆ. ಮೂರು ದಿನ ಉತ್ತರ ಇಲ್ಲ. ಆಮೇಲೆ ಹತ್ತು ಕಿಲೋ ಕೇಳಿದರು. ಜೊತೆಗೆ, "ಒಂದ್ಸಲ ಆಲೆಮನೆ ನೋಡಕ್ಕೆ ಬರಬಹುದಾ?" ಎಂದರು.

ಬನ್ನಿ ಎಂದಿದ್ದೇನೆ. ಓದುಗ ಮಿತ್ರರಲ್ಲಿ ಬೆಲ್ಲ ಮಾಡುವವರು ಯಾರಿದ್ದೀರೋ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಲೇಬಲ್ಲಿನಲ್ಲಿ ಏನು ಹಾಕಿಲ್ಲ ಎಂದು ಬರೆಯುವುದು ಬಿಟ್ಟು ಏನು ಹಾಕಿದ್ದೀರಿ, ಯಾವ ದಿನ ಇಳಿಸಿದಿರಿ ಎಂದು ಬರೆಯೋಣ. 'ಇಲ್ಲ' ಎಂಬ ಮಾತನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಸುಣ್ಣ, ಬೆಂಡೆ, ತಾರೀಖು ಎಂದು ಬರೆದ ಮೇಲೆ ಗಿರಾಕಿ ಬಂದು ನೋಡಿದಾಗ ಅದು ಆಲೆಮನೆಯಲ್ಲಿ ಇರಲೇಬೇಕಾಗುತ್ತದೆ.